‘ಅಪಾಯ ಕಡಿಮೆ’ ಎಂಬ ಷರಾ ಮತ್ತು ಬಿಡುಗಡೆಗೆ ಮುಂಚಿನ ಒಂದು ಹಾಳೆ

ಮನೋವೈದ್ಯಕೀಯ ವಾರ್ಡಿನಲ್ಲಿ ಈಗ ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿಗಳ ಕಿವಿಗೆ ಒಂದಕ್ಕೊಂದು ಹೊಂದದ ಎರಡು ಮಾತುಗಳು ಬೀಳುತ್ತಿವೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2025ರ ಏಪ್ರಿಲ್‌ನಲ್ಲಿ ಹೊಸ ಮಾರ್ಗದರ್ಶಿಯನ್ನು ಹೊರಡಿಸಿತು. ಆತ್ಮಹತ್ಯೆಯ ಅಪಾಯವನ್ನು ಅಂಕ ಹಾಕಿ ಅಳೆಯುವುದನ್ನೂ ರೋಗಿಗಳನ್ನು ‘ಹೆಚ್ಚು, ಮಧ್ಯಮ, ಕಡಿಮೆ’ ಎಂದು ವಿಂಗಡಿಸುವುದನ್ನೂ ಬಿಟ್ಟುಬಿಡಿ ಎಂದು ಅದು ಹೇಳುತ್ತದೆ. ಅದಕ್ಕೂ ಮುಂಚೆ, 2022ರ ಸೆಪ್ಟೆಂಬರ್‌ನಲ್ಲಿ, ಅಲ್ಲಿ ಚಿಕಿತ್ಸೆಯ ಕ್ರಮಗಳನ್ನು ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿಯೂ ಇದನ್ನೇ ಹೇಳಿತ್ತು. ಅಮೆರಿಕದಲ್ಲಿ ಮಾತು ಬೇರೆ. ಅಲ್ಲಿನ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2019ರಿಂದ ಪರೀಕ್ಷಿತ ಪ್ರಶ್ನಾವಳಿಯನ್ನೇ ಬಳಸಬೇಕು, ಒಟ್ಟಾರೆ ಅಪಾಯದ ಮಟ್ಟವನ್ನು ಕಡತದಲ್ಲಿ ದಾಖಲಿಸಬೇಕು ಎನ್ನುತ್ತದೆ.

ನಮ್ಮ ವಾರ್ಡಿನ ಕಡತಗಳಲ್ಲಿ ‘ಅಪಾಯ: ಹೆಚ್ಚು / ಮಧ್ಯಮ / ಕಡಿಮೆ’ ಎಂಬ ಸಾಲು ಇನ್ನೂ ಇದೆ. ಶಿವಮೊಗ್ಗದಂಥ ಊರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಹೌಸ್ ಸರ್ಜನ್ ಆ ಸಾಲಿನಲ್ಲಿ ಒಂದಕ್ಕೆ ಗುರುತು ಹಾಕಲೇಬೇಕು. ಹಾಕಿದ ಗುರುತಿಗೆ ಏನರ್ಥ, ಹಾಕಿದ ಮೇಲೆ ಮಾಡಬೇಕಾದ ಕೆಲಸ ಯಾವುದು ಎಂಬುದನ್ನು ಒಬ್ಬ ರೋಗಿಯ ಸುತ್ತ ಇಟ್ಟು ನೋಡಿದರೆ ಈ ಎರಡು ಮಾತುಗಳ ಜಗಳ ಬಹುಮಟ್ಟಿಗೆ ಬಗೆಹರಿಯುತ್ತದೆ.

ಅಂಕ ಎಲ್ಲಿ ಎಡವುತ್ತದೆ

ಮೊದಲು ಸ್ವಲ್ಪ ಲೆಕ್ಕ. ಮನೋವೈದ್ಯಕೀಯ ವಾರ್ಡಿನಿಂದ ಬಿಡುಗಡೆಯಾದವರ ಬಗ್ಗೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಬಿಡುಗಡೆಯಾದ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 484 ಮಂದಿ ಆತ್ಮಹತ್ಯೆಯಿಂದ ತೀರಿಕೊಳ್ಳುತ್ತಾರೆ. ಸಾವಿರಕ್ಕೆ ಇಳಿಸಿದರೆ ಸುಮಾರು ಐವರು. ಸಾಮಾನ್ಯ ಜನರಿಗೆ ಹೋಲಿಸಿದರೆ ಇದು ಬಹಳ ದೊಡ್ಡ ಪ್ರಮಾಣ. ಆದರೂ ಸಾವಿರದಲ್ಲಿ 995 ಜನ ಬದುಕಿರುತ್ತಾರೆ ಎಂಬುದೂ ಅಷ್ಟೇ ನಿಜ.

ಈಗ ಒಂದು ಒಳ್ಳೆಯ ಅಳತೆಪಟ್ಟಿ ನಮ್ಮ ಕೈಯಲ್ಲಿದೆ ಎಂದು ಭಾವಿಸೋಣ. ಮುಂದೆ ತೀರಿಕೊಳ್ಳಲಿರುವ ನೂರು ಜನರಲ್ಲಿ ಅರವತ್ತು ಜನರನ್ನು ಅದು ‘ಹೆಚ್ಚು ಅಪಾಯ’ ಎಂದು ಹಿಡಿಯುತ್ತದೆ. ಬದುಕುವ ನೂರು ಜನರಲ್ಲಿ ಇಪ್ಪತ್ತು ಜನರ ಮೇಲೆ ಮಾತ್ರ ಸುಳ್ಳು ಎಚ್ಚರಿಕೆ ಕೊಡುತ್ತದೆ. ಸಾವಿರ ಜನರ ಮೇಲೆ ಇದನ್ನು ಹಾಕಿದರೆ, ಆ ಐವರಲ್ಲಿ ಮೂವರು ‘ಹೆಚ್ಚು’ ಗುಂಪಿಗೆ ಬರುತ್ತಾರೆ. ಅವರ ಜೊತೆಗೆ 995ರ ಇಪ್ಪತ್ತು ಶೇಕಡ, ಅಂದರೆ 199 ಜನ ಅದೇ ಗುಂಪಿಗೆ ಸೇರುತ್ತಾರೆ. 202 ಜನರನ್ನು ಬೊಟ್ಟು ಮಾಡಿ ತೋರಿಸಿದರೆ ಅದರಲ್ಲಿ ಮೂವರ ಮಟ್ಟಿಗೆ ಮಾತ್ರ ಮಾತು ನಿಜವಾಯಿತು. ಇನ್ನಿಬ್ಬರು ‘ಕಡಿಮೆ ಅಪಾಯ’ದ 798 ಜನರ ನಡುವೆ, ಯಾರ ಕಣ್ಣಿಗೂ ಬೀಳದೆ ಮನೆಗೆ ಹೋದರು.

ಆ ಇಬ್ಬರ ವಿಷಯದಲ್ಲೇ ದೊಡ್ಡ ಹಾನಿ ಆಗುವುದು. ‘ಕಡಿಮೆ’ ಎಂಬ ಮುದ್ರೆ ಬಿದ್ದ ಕೂಡಲೇ ಮಾತುಕತೆ ಮೊಟಕಾಗುತ್ತದೆ, ಮುಂದಿನ ಭೇಟಿ ತಿಂಗಳ ಆಚೆಗೆ ಹೋಗುತ್ತದೆ, ಮನೆಯವರಿಗೆ ಎಚ್ಚರಿಕೆ ಹೇಳುವವರು ಇರುವುದಿಲ್ಲ. ನೋವಿನಲ್ಲಿರುವ ವ್ಯಕ್ತಿಗೆ ಆರೈಕೆಯನ್ನು ನಿರಾಕರಿಸಲು ಆ ಷರಾ ಕಾರಣವಾಗುತ್ತದೆ. ಇಂಗ್ಲೆಂಡಿನ ಮಾರ್ಗಸೂಚಿ ಅಂಕಗಳನ್ನು ಕೈಬಿಡಲು ಹೇಳಿದ್ದು ಈ ಕಾರಣಕ್ಕೆ. ಯಾರಿಗೆ ಚಿಕಿತ್ಸೆ ಕೊಡಬೇಕು, ಯಾರನ್ನು ಮನೆಗೆ ಕಳುಹಿಸಬೇಕು ಎಂಬುದನ್ನು ಅಂಕ ತೀರ್ಮಾನಿಸಬಾರದು ಎಂಬುದು ಅದರ ಮುಖ್ಯ ಮಾತು.

ಹಾಗಾದರೆ ಪ್ರಶ್ನಾವಳಿ ಏತಕ್ಕೆ?

ಪ್ರಶ್ನಾವಳಿಯ ಪರವಾಗಿ ಮಾತನಾಡುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಕೊಲಂಬಿಯಾ ಮಾಪನ ಎಂದು ಕರೆಯುವ ಪಟ್ಟಿಯ ಚಿಕ್ಕ ರೂಪದಲ್ಲಿ ಆರು ಪ್ರಶ್ನೆಗಳಿವೆ. ಸತ್ತರೆ ಚೆನ್ನಾಗಿತ್ತು ಎನ್ನಿಸಿದೆಯೇ ಎಂಬಲ್ಲಿಂದ ಅದು ಶುರುವಾಗುತ್ತದೆ. ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯೇ, ಹೇಗೆ ಎಂದು ಯೋಚಿಸಿದ್ದುಂಟೇ, ಮಾಡಬೇಕೆಂಬ ಮನಸ್ಸು ಇತ್ತೇ, ವಿವರವಾಗಿ ತಯಾರಿ ನಡೆದಿತ್ತೇ ಎಂದು ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿದು, ಕೊನೆಗೆ ಈ ಮೊದಲು, ವಿಶೇಷವಾಗಿ ಕಳೆದ ಮೂರು ತಿಂಗಳಲ್ಲಿ, ಏನಾದರೂ ಮಾಡಿಕೊಂಡಿದ್ದುಂಟೇ ಎಂದು ಕೇಳುತ್ತದೆ. ಅನುಭವವಿಲ್ಲದ ವಿದ್ಯಾರ್ಥಿ ರಾತ್ರಿ ಎರಡು ಗಂಟೆಗೆ ಮುಜುಗರದಿಂದ ಬಿಟ್ಟುಬಿಡುವ ಪ್ರಶ್ನೆಗಳನ್ನು ಈ ಪಟ್ಟಿ ಬಿಡದೆ ಕೇಳಿಸುತ್ತದೆ. ನರ್ಸ್, ಹೌಸ್ ಸರ್ಜನ್, ಹಿರಿಯ ವೈದ್ಯರು ಮೂವರೂ ಒಂದೇ ಭಾಷೆಯಲ್ಲಿ ವಿಷಯ ದಾಟಿಸಲು ಅದರಿಂದ ಅನುಕೂಲವಾಗುತ್ತದೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕಂತೂ ಆಧಾರವಿಲ್ಲ; ಈ ಬಗ್ಗೆ ನಡೆದ ಅಧ್ಯಯನಗಳು ಕೇಳುವುದರಿಂದ ಯೋಚನೆ ಹೆಚ್ಚುವುದಿಲ್ಲ ಎಂದೇ ತೋರಿಸಿವೆ.

ಆದ್ದರಿಂದ ಮಾತು ತೆರೆಯಲು ಪಟ್ಟಿ ಬೇಕು. ಮಾತು ಮುಗಿದ ಮೇಲೆ ಭವಿಷ್ಯ ಹೇಳಲು ಅದನ್ನು ಬಳಸಬಾರದು. ನನ್ನ ದೃಷ್ಟಿಯಲ್ಲಿ ಎರಡು ದೇಶಗಳ ಮಾರ್ಗಸೂಚಿಗಳನ್ನು ಒಟ್ಟಿಗೆ ಓದಬೇಕಾದ ರೀತಿ ಇದು. ಕಡತದಲ್ಲಿ ಆ ಸಾಲು ಇರುವವರೆಗೆ ಗುರುತು ಹಾಕಿ, ಆದರೆ ಅದರ ಕೆಳಗೆ ಬರೆಯುವ ನಾಲ್ಕು ವಾಕ್ಯಗಳ ಮೇಲೆ ಚಿಕಿತ್ಸೆ ನಿಲ್ಲಲಿ. ಆ ನಾಲ್ಕು ವಾಕ್ಯ ಯಾವುವು ಎಂಬುದಕ್ಕೆ ಒಂದು ಪ್ರಕರಣವನ್ನು ನೋಡೋಣ. ಇದು ಬೋಧನೆಗಾಗಿ ಕಟ್ಟಿದ ಕಲ್ಪಿತ ಪ್ರಕರಣ.

ಹನ್ನೊಂದನೆಯ ದಿನದ ನಗುಮುಖ

ತೀರ್ಥಹಳ್ಳಿ ಕಡೆಯ ನಲವತ್ತಾರು ವರ್ಷದ ಅಡಿಕೆ ಬೆಳೆಗಾರ. ಎಲೆಚುಕ್ಕಿ ರೋಗದಿಂದ ಎರಡು ವರ್ಷ ಫಸಲು ಕೈಕೊಟ್ಟಿದೆ. ಸೊಸೈಟಿ ಸಾಲ ಬಾಕಿ ಇದೆ, ಹೆಂಡತಿಯ ಒಡವೆ ಬ್ಯಾಂಕಿನಲ್ಲಿ ಅಡವಿದೆ. ಕೆಲವು ತಿಂಗಳಿಂದ ಸಂಜೆಯ ಕುಡಿತ ಹೆಚ್ಚಿತ್ತು, ನಸುಕಿನ ಮೂರಕ್ಕೇ ಎಚ್ಚರವಾಗುತ್ತಿತ್ತು. ಒಂದು ದಿನ ವಿಷ ಸೇವಿಸಿದರು. ಹೆಂಡತಿ ಬೇಗ ಕಂಡದ್ದರಿಂದ ಆಸ್ಪತ್ರೆ ಸೇರಿ ಬದುಕಿದರು. ಮೆಡಿಕಲ್ ವಾರ್ಡಿನಿಂದ ಮನೋವೈದ್ಯಕೀಯ ವಾರ್ಡಿಗೆ ಬಂದು, ಇಂದು ಆಸ್ಪತ್ರೆ ಸೇರಿದ ಹನ್ನೊಂದನೆಯ ದಿನ. ಊಟ ಮಾಡುತ್ತಿದ್ದಾರೆ, ನಗುತ್ತಿದ್ದಾರೆ, ‘ತೋಟದ ಕೆಲಸ ನಿಂತಿದೆ, ಕಳುಹಿಸಿಕೊಡಿ’ ಎನ್ನುತ್ತಿದ್ದಾರೆ. ಕಡತದಲ್ಲಿ ವಿದ್ಯಾರ್ಥಿ ಬರೆದದ್ದು: ‘ಆತ್ಮಹತ್ಯೆಯ ಯೋಚನೆ ಇಲ್ಲ. ಅಪಾಯ ಕಡಿಮೆ.’

ಈ ವಾಕ್ಯ ಹೇಗೆ ಬಂತು ಎಂದು ನೋಡಿ. ರೌಂಡ್ಸ್ ಸಮಯ. ಮಂಚದ ಸುತ್ತ ಹೆಂಡತಿ, ಅಣ್ಣ, ಪಕ್ಕದ ಮಂಚದವರ ಕಡೆಯ ಇಬ್ಬರು. ವಿದ್ಯಾರ್ಥಿ ನಿಂತುಕೊಂಡೇ ಕೇಳಿದ ಪ್ರಶ್ನೆ: ‘ಈಗ ಅಂಥ ಯೋಚನೆ ಏನೂ ಇಲ್ಲ ತಾನೇ, ಯಜಮಾನರೇ?’ ಪ್ರಶ್ನೆಯಲ್ಲೇ ಉತ್ತರ ಇದೆ. ಅಣ್ಣನ ಎದುರು ‘ಇದೆ’ ಎನ್ನಲು ಯಾವ ಮಲೆನಾಡಿನ ಗೃಹಸ್ಥನಿಗೂ ಬಾಯಿ ಬರುವುದಿಲ್ಲ. ಆಸ್ಪತ್ರೆಯಲ್ಲಿ ಇರುವಾಗ ಅಥವಾ ಬಿಡುಗಡೆಯಾದ ಸ್ವಲ್ಪದರಲ್ಲೇ ಆತ್ಮಹತ್ಯೆಯಿಂದ ತೀರಿಕೊಂಡವರ ಕಡತಗಳನ್ನು ಪರಿಶೀಲಿಸಿದ, 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದಿದೆ. ಕೊನೆಯ ಮಾತುಕತೆ ದಾಖಲಾಗಿದ್ದವರಲ್ಲಿ 78 ಶೇಕಡ ಮಂದಿ ಅಂಥ ಯೋಚನೆಯೇ ಇಲ್ಲ ಎಂದಿದ್ದರು. ‘ಇಲ್ಲ’ ಎಂಬ ಉತ್ತರವನ್ನು ಸಾಕ್ಷಿಯಾಗಿ ಹಿಡಿಯುವ ಮುನ್ನ ಅದು ಯಾವ ಪ್ರಶ್ನೆಗೆ, ಯಾರ ಎದುರಿಗೆ ಬಂದ ಉತ್ತರ ಎಂದು ನೋಡಬೇಕು.

ಅದೇ ಸಂಜೆ ಹಿರಿಯ ವೈದ್ಯೆ ಮನೆಯವರನ್ನು ಚಹಾಕ್ಕೆ ಕಳುಹಿಸಿ, ಕುರ್ಚಿ ಎಳೆದುಕೊಂಡು ಕೂತು ಕೇಳಿದರು ಎಂದುಕೊಳ್ಳಿ: ‘ಸಾಲ, ಫಸಲಿಲ್ಲ, ನಿದ್ದೆಯಿಲ್ಲ, ಇಷ್ಟೆಲ್ಲ ಒಟ್ಟಿಗೆ ಬಂದಾಗ ಬದುಕೇ ಬೇಡ ಎಂದು ಎಷ್ಟೋ ಜನರಿಗೆ ಅನ್ನಿಸುತ್ತದೆ. ಈ ವಾರ ನಿಮಗೆ ಹಾಗೆ ಅನ್ನಿಸಿದ್ದು ಯಾವಾಗ?’ ಅನ್ನಿಸಿತೇ ಎಂದು ಕೇಳದೆ ಯಾವಾಗ ಎಂದು ಕೇಳಿದ್ದರಿಂದ ನಾಚಿಕೆ ಇಳಿಯುತ್ತದೆ. ಆ ಮೇಲೆ ಅವರು ನಾಲ್ಕು ಕಾಲಗಳನ್ನು ಒಂದಾದ ಮೇಲೊಂದು ಕೇಳುತ್ತಾರೆ: ಈ ಘಟನೆಯ ದಿನ, ಅದರ ಹಿಂದಿನ ಎರಡು ತಿಂಗಳು, ಅದಕ್ಕೂ ಹಿಂದಿನ ಬದುಕು, ಮತ್ತು ಈ ಕ್ಷಣ. ಅಭಿಪ್ರಾಯ ಕೇಳುವುದಕ್ಕಿಂತ ಘಟನೆಗಳ ಸಾಲು ಕೇಳುವುದು ಲೇಸು. ಆ ದಿನ ಬೆಳಿಗ್ಗೆ ಎದ್ದದ್ದು ಎಷ್ಟು ಹೊತ್ತಿಗೆ? ಆಮೇಲೆ ಎಲ್ಲಿಗೆ ಹೋದಿರಿ? ಮನೆಯಲ್ಲಿ ಯಾರಿದ್ದರು? ಯಾರಿಗಾದರೂ ಫೋನ್ ಮಾಡಬೇಕು ಅನ್ನಿಸಿತೇ? ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮೊದಲು ಅನ್ನಿಸಿದ್ದೇನು?

ಕೊನೆಯ ಪ್ರಶ್ನೆಗೆ ಆತ ಹೇಳಿದ್ದು: ‘ಉಳಿದದ್ದು ಬೇಡವಾಗಿತ್ತು ಅನ್ನಿಸಿತು, ಡಾಕ್ಟರೇ. ಈಗ ಮಗಳ ಮುಖ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ರಾತ್ರಿ ಎಚ್ಚರವಾದರೆ ಮಾತ್ರ...’ ಬಿಡುಗಡೆಗೆ ಅವಸರ ಏಕೆ ಎಂದು ಕೇಳಿದಾಗ ಇನ್ನೊಂದು ವಿಷಯ ಹೊರಬಿತ್ತು. ಸೊಸೈಟಿಯಿಂದ ನೋಟಿಸು ಬರುವುದಿತ್ತು, ಅದು ಹೆಂಡತಿಯ ಕೈಗೆ ಸಿಗುವ ಮೊದಲು ತಾನು ಮನೆಯಲ್ಲಿರಬೇಕು. ನಗುಮುಖದ ಹಿಂದೆ ಇದ್ದದ್ದು ಈ ದಿಗಿಲು.

ಕಡತಕ್ಕೆ ನಾಲ್ಕು ವಾಕ್ಯ

ಈಗ ಬರೆಯಬೇಕಾದದ್ದು. ಅಮೆರಿಕದ ಪಿಸಾನಿ ಮತ್ತು ಸಂಗಡಿಗರು 2016ರಲ್ಲಿ ಸೂಚಿಸಿದ ಕ್ರಮ ವಿದ್ಯಾರ್ಥಿಗಳಿಗೆ ಸುಲಭವಾಗಿ ಹಿಡಿಯುತ್ತದೆ. ಒಂದು, ಇದೇ ವಾರ್ಡಿನ ಇತರ ರೋಗಿಗಳಿಗೆ ಹೋಲಿಸಿದರೆ ಈತನ ಸ್ಥಿತಿ ಹೇಗೆ. ಎರಡು, ಈತನದೇ ಹಿಂದಿನ ದಿನಗಳಿಗೆ ಹೋಲಿಸಿದರೆ ಈಗ ಹೇಗೆ. ಮೂರು, ಆಸರೆಗೆ ಏನೇನು ಇದೆ. ನಾಲ್ಕು, ಮುಂದೆ ಯಾವ ಬದಲಾವಣೆ ಬಂದರೆ ಸ್ಥಿತಿ ಥಟ್ಟನೆ ಕೆಡಬಹುದು.

ನಮ್ಮ ಬೆಳೆಗಾರನಿಗೆ ಅದು ಹೀಗೆ ಬರುತ್ತದೆ: ‘ಇತ್ತೀಚೆಗೆ ಗಂಭೀರ ಪ್ರಯತ್ನ ನಡೆದಿರುವುದರಿಂದ ವಾರ್ಡಿನ ಬಹುತೇಕ ರೋಗಿಗಳಿಗಿಂತ ಇವರ ಅಪಾಯ ಹೆಚ್ಚು. ದಾಖಲಾದ ದಿನಕ್ಕಿಂತ ಈಗ ಉತ್ತಮ, ಆದರೆ ಒಂದು ವರ್ಷದ ಹಿಂದಿನ ತಮ್ಮ ಸ್ಥಿತಿಗಿಂತ ಬಹಳ ಕೆಳಗಿದ್ದಾರೆ, ನಸುಕಿನಲ್ಲಿ ಯೋಚನೆ ಮರಳುತ್ತದೆ. ಹೆಂಡತಿ, ಹೆಂಡತಿಯ ಅಣ್ಣ, ಆಚೆ ಮನೆಯವರು ಆಸರೆ; ಖಿನ್ನತೆಯ ಚಿಕಿತ್ಸೆ ಶುರುವಾಗಿದೆ, ಒಪ್ಪಿದ್ದಾರೆ. ಸೊಸೈಟಿ ನೋಟಿಸು ಬಂದರೆ, ಕುಡಿತ ಮತ್ತೆ ಶುರುವಾದರೆ, ಹೆಂಡತಿ ತವರಿಗೆ ಹೋಗಿ ಇವರು ಒಬ್ಬರೇ ಉಳಿದರೆ, ಅಥವಾ ಮಳೆಗಾಲದ ಸಿಂಪಡಣೆಗೆ ತೋಟದ ಔಷಧಿ ಮನೆಗೆ ಬಂದರೆ ಕೂಡಲೇ ಮರುಪರಿಶೀಲನೆ ಬೇಕು.’

‘ಅಪಾಯ ಕಡಿಮೆ’ ಎಂಬ ಎರಡು ಪದಗಳನ್ನು ಓದಿದ ಮುಂದಿನ ಪಾಳಿಯ ವೈದ್ಯ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಈ ನಾಲ್ಕು ವಾಕ್ಯ ಓದಿದರೆ ತಿಳಿಯುತ್ತದೆ: ನೋಟಿಸಿನ ವಿಷಯ ಬಿಡುಗಡೆಗೆ ಮುಂಚೆಯೇ ಹೆಂಡತಿಯ ಎದುರು, ರೋಗಿಯ ಒಪ್ಪಿಗೆಯಿಂದ, ಮಾತಾಗಬೇಕು, ಸಮಾಜ ಕಾರ್ಯಕರ್ತರು ಸೊಸೈಟಿಯಲ್ಲಿ ಕಂತಿನ ವಿಷಯ ವಿಚಾರಿಸಲು ದಾರಿ ತೋರಿಸಬೇಕು. ನಾಲ್ಕನೆಯ ವಾಕ್ಯವನ್ನು ವಿದ್ಯಾರ್ಥಿಗಳು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಕೆಲಸಕ್ಕೆ ಬರುವುದು ಅದೇ ಹೆಚ್ಚು, ಏಕೆಂದರೆ ಸುರಕ್ಷತಾ ಯೋಜನೆ ಹುಟ್ಟುವುದು ಅದರಿಂದಲೇ.

ರೋಗಿಯ ಮಾತಿನಲ್ಲೇ ಯೋಜನೆ

ಮುಂಚೆ ಹಲವೆಡೆ ಒಂದು ರೂಢಿ ಇತ್ತು: ‘ನಾನು ಜೀವ ತೆಗೆದುಕೊಳ್ಳುವುದಿಲ್ಲ’ ಎಂದು ರೋಗಿಯಿಂದ ಬರೆಸಿ ಸಹಿ ಹಾಕಿಸುವುದು. ಅದು ಜೀವ ಉಳಿಸುತ್ತದೆ ಎನ್ನಲು ಪುರಾವೆ ಇಲ್ಲ. ಮಾತು ಕೊಟ್ಟ ಮೇಲೆ ಮತ್ತೆ ಯೋಚನೆ ಬಂದರೆ ಹೇಳಿಕೊಳ್ಳಲು ರೋಗಿ ಇನ್ನಷ್ಟು ಹಿಂಜರಿಯುತ್ತಾನೆ. ಏನು ಮಾಡಬಾರದು ಎಂದು ಅದು ಹೇಳುತ್ತದೆ, ಆ ಕ್ಷಣದಲ್ಲಿ ಏನು ಮಾಡಬೇಕು ಎಂದು ಹೇಳುವುದಿಲ್ಲ.

ಅಮೆರಿಕದ ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ ಆ ಕೊರತೆಯನ್ನು ತುಂಬುತ್ತದೆ. ಸಾಯಬೇಕೆಂಬ ಒತ್ತಡ ಏರುತ್ತದೆ, ಒಂದು ತುದಿ ಮುಟ್ಟುತ್ತದೆ, ಇಳಿಯುತ್ತದೆ. ಆ ತುದಿಯ ಹೊತ್ತನ್ನು ದಾಟಿಸಿದರೆ ವ್ಯಕ್ತಿ ಉಳಿಯುತ್ತಾನೆ ಎಂಬ ತಿಳಿವಳಿಕೆಯ ಮೇಲೆ ಅದು ನಿಂತಿದೆ. ಆರು ಹೆಜ್ಜೆಗಳು: ಎಚ್ಚರಿಕೆಯ ಲಕ್ಷಣ, ತಾನೇ ಮಾಡಿಕೊಳ್ಳಬಹುದಾದ ಉಪಾಯ, ಮನಸ್ಸು ಬೇರೆಡೆ ಹೋಗುವ ಜಾಗ ಮತ್ತು ಜನ, ಸಹಾಯ ಕೇಳಬಹುದಾದವರು, ವೈದ್ಯಕೀಯ ಸಹಾಯ, ಸಾಧನಗಳನ್ನು ದೂರ ಮಾಡುವುದು. ಒಂದು ಫಲಿಸದಿದ್ದರೆ ಮುಂದಿನದು. ಪರಿಸ್ಥಿತಿ ವಿಪರೀತವಾಗಿದ್ದರೆ ನಡುವಿನವನ್ನು ಬಿಟ್ಟು ನೇರವಾಗಿ ಸಹಾಯಕ್ಕೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕಾಗುತ್ತದೆ. ಅವಸರದಲ್ಲಿ ತುಂಬಿಸಿದ ಹಾಳೆ ಬರಿಯ ಹಾಳೆಯಾಗಿ ಉಳಿಯುತ್ತದೆ.

ಅದು ಎಲ್ಲಿ ಕೆಡುತ್ತದೆ ಎಂದು ನಮ್ಮ ಬೆಳೆಗಾರನ ಹಾಳೆಯಲ್ಲೇ ಕಾಣಬಹುದು. ಎಚ್ಚರಿಕೆಯ ಲಕ್ಷಣದ ಎದುರು ವಿದ್ಯಾರ್ಥಿ ‘ಬೇಸರ, ಖಿನ್ನತೆ’ ಎಂದು ಬರೆದಿದ್ದ. ಬೇಸರ ದಿನವೂ ಇರುತ್ತದೆ, ಯೋಜನೆಯನ್ನು ಯಾವಾಗ ತೆರೆಯಬೇಕೆಂದು ಅದರಿಂದ ಗೊತ್ತಾಗುವುದಿಲ್ಲ. ಆ ದಿನದ ಕಥೆಯನ್ನು ಮತ್ತೆ ಕೇಳಿದಾಗ ಸಿಕ್ಕಿದ್ದು ಇದು: ಮೂರಕ್ಕೆ ಎಚ್ಚರ, ಎದ್ದು ಅಂಗಳದಲ್ಲಿ ತಿರುಗಾಟ, ‘ನಾನಿಲ್ಲದಿದ್ದರೆ ಇವರಿಗೆ ಸಾಲದ ಕಾಟ ತಪ್ಪುತ್ತದೆ’ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುವುದು. ಹಾಳೆಯ ಮೇಲೆ ಬರಬೇಕಾದದ್ದು ಆ ವಾಕ್ಯವೇ, ಆತನ ಬಾಯಿಂದ ಬಂದ ಹಾಗೆಯೇ.

ಎರಡನೆಯ ಹೆಜ್ಜೆಯಲ್ಲಿ ಇನ್ನೂ ದೊಡ್ಡ ತಪ್ಪು ನುಸುಳಿತ್ತು. ‘ಮನಸ್ಸಿಗೆ ಹಿತವಾದದ್ದು ಏನು?’ ಎಂದು ಕೇಳಿದಾಗ ಆತ ‘ತೋಟದಲ್ಲಿ ಒಂದು ಸುತ್ತು’ ಎಂದರು, ವಿದ್ಯಾರ್ಥಿ ಹಾಗೆಯೇ ಬರೆದುಕೊಂಡ. ಔಷಧಿ ಮತ್ತು ಪಂಪು ಇಡುವ ಕೊಟ್ಟಿಗೆ ತೋಟದ ಬಾಯಲ್ಲೇ ಇದೆ ಎಂಬುದು ಹೆಂಡತಿ ಮನೆಯ ನಕ್ಷೆ ಹೇಳಿದಾಗ ತಿಳಿಯಿತು. ಒತ್ತಡ ಏರಿದ ಹೊತ್ತಿನಲ್ಲಿ ಆತನನ್ನು ನಾವೇ ಅಲ್ಲಿಗೆ ಕಳುಹಿಸಿದಂತಾಗುತ್ತಿತ್ತು. ಪ್ರತಿ ಉಪಾಯಕ್ಕೂ ಎರಡು ಪ್ರಶ್ನೆ ಕೇಳಬೇಕು: ಆ ಹೊತ್ತಿನಲ್ಲಿ ಇದನ್ನು ಮಾಡಲು ಆಗುತ್ತದೆಯೇ, ಅಡ್ಡಿ ಏನು? ಕೊನೆಗೆ ಉಳಿದದ್ದು ದೀಪ ಹಾಕಿ, ಹೆಂಡತಿಯನ್ನು ಎಬ್ಬಿಸಿ, ಅಡುಗೆಮನೆಯಲ್ಲಿ ಕಾಫಿ ಕಾಯಿಸುವುದು, ಮೊಬೈಲಿನಲ್ಲಿ ಇಳಿಸಿಟ್ಟುಕೊಂಡ ತಾಳಮದ್ದಳೆ ಹಾಕಿಕೊಳ್ಳುವುದು. ಇಳಿಸಿಟ್ಟುಕೊಂಡದ್ದು ಎಂದು ಒತ್ತಿ ಬರೆದದ್ದಕ್ಕೆ ಕಾರಣವಿದೆ: ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ.

ಮಲೆನಾಡಿನಲ್ಲಿ ಯೋಜನೆಗಳು ಮುರಿಯುವುದು ಈ ಜಾಗದಲ್ಲಿ. ನಾಲ್ಕನೆಯ, ಐದನೆಯ ಹೆಜ್ಜೆಗಳಲ್ಲಿ ಫೋನ್ ಸಂಖ್ಯೆಗಳನ್ನು ಬರೆಯುತ್ತೇವೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಜೀವಕ್ಕೆ ತುರ್ತು ಇದ್ದರೆ 112. ಸಂಖ್ಯೆ ಸರಿಯಾಗಿದೆ, ಆದರೆ ಸಿಗ್ನಲ್‌ಗಾಗಿ ಕತ್ತಲಲ್ಲಿ ಗುಡ್ಡ ಹತ್ತಬೇಕಾದ ಮನೆಗೆ ಅದೊಂದನ್ನೇ ಕೊಟ್ಟು ಕಳುಹಿಸುವಂತಿಲ್ಲ. ಮನೆಯಲ್ಲಿ ಇಂಟರ್‌ನೆಟ್ ಸಂಪರ್ಕ ಇದ್ದರೆ ವೈಫೈ ಮೂಲಕ ಕರೆ ಹೋಗುವಂತೆ ಮೊಬೈಲನ್ನು ವಾರ್ಡಿನಲ್ಲೇ ಹೊಂದಿಸಿಕೊಡಬಹುದು. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ನಿಲ್ಲುತ್ತದೆ. ಆದ್ದರಿಂದ ಈ ಹಾಳೆಯಲ್ಲಿ ಮೊದಲ ಹೆಸರು ಆಚೆ ಮನೆಯವರದು, ಹೆಂಡತಿ ಟಾರ್ಚ್ ಹಿಡಿದು ನಡೆದುಹೋಗಿ ಕರೆಯಬಹುದಾದಷ್ಟು ಹತ್ತಿರದವರು. ಅವರಿಗೆ ವಿಷಯ ತಿಳಿಸಲು ರೋಗಿಯ ಒಪ್ಪಿಗೆ ಪಡೆದು, ಅವರೊಂದಿಗೆ ಬಿಡುಗಡೆಗೆ ಮುಂಚೆಯೇ ಮಾತನಾಡಿದ್ದಾಯಿತು. ಹೆಂಡತಿಯ ಅಣ್ಣನ ಹೆಸರು ಎರಡನೆಯದು. ಸ್ವಂತ ಅಣ್ಣ ಬೇಡ ಎಂದು ರೋಗಿಯೇ ಹೇಳಿದರು, ಜಮೀನಿನ ಪಾಲಿನ ಮುನಿಸು ಇದೆ. ಯಾರು ಬೇಡ ಎಂಬುದೂ ಯೋಜನೆಯ ಭಾಗವೇ.

ಮೂರನೆಯ ಹೆಜ್ಜೆಗೆ ಪೇಟೆಯ ಅಡಿಕೆ ಮಂಡಿ ಎಂದು ಆತ ಹೇಳಿದ್ದರು. ಅಲ್ಲಿಂದ ಬಾರು ಹತ್ತಿರ. ಮಗಳ ಶಾಲೆಯ ಕಡೆ ಹೋಗಿ ಬರುವುದು, ಸಂಜೆ ಭಜನೆಗೆ ಕೂರುವುದು ಎಂದು ಬದಲಾಯಿತು.

ಔಷಧಿಯನ್ನು ಮನೆಯಿಂದ ಆಚೆ ಇಡುವುದು

ಆರನೆಯ ಹೆಜ್ಜೆಯೇ ಕೃಷಿಕರ ಮನೆಗಳಲ್ಲಿ ಎಲ್ಲಕ್ಕಿಂತ ಭಾರವಾದದ್ದು. ‘ಔಷಧಿಗೆ ಬೀಗ ಹಾಕಿಡಿ’ ಎಂಬುದು ನಾವೆಲ್ಲ ಕೊಡುವ ಸಲಹೆ. ಶ್ರೀಲಂಕಾದಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. 180 ಹಳ್ಳಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನ ಕೃಷಿಕ ಮನೆಗಳಿಗೆ ಬೀಗ ಹಾಕುವ ಪೆಟ್ಟಿಗೆಗಳನ್ನು ಹಂಚಿದರು. ಕೀಟನಾಶಕ ಸೇವಿಸುವ ಪ್ರಮಾಣ ಅದರಿಂದ ಇಳಿಯಲಿಲ್ಲ ಎಂದು 2017ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿತು. ಅದೇ ದೇಶದಲ್ಲಿ ಅತ್ಯಂತ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ 1990ರ ದಶಕದ ಶಿಖರದಿಂದ ಬಹಳ ಕೆಳಗೆ ಇಳಿಯಿತು.

ಕಾರಣ ಊಹಿಸುವುದು ಕಷ್ಟವಲ್ಲ. ಮನೆಯೊಳಗಿನ ಪೆಟ್ಟಿಗೆಯ ಕೀಲಿ ಎಲ್ಲಿದೆ ಎಂದು ಮನೆಯ ಯಜಮಾನನಿಗೆ ಗೊತ್ತು. ಸಿಂಪಡಣೆಯ ದಿನಗಳಲ್ಲಿ ಪೆಟ್ಟಿಗೆ ತೆರೆದೇ ಇರುತ್ತದೆ. ಇಡೀ ಹಳ್ಳಿಗೆ ಪೆಟ್ಟಿಗೆ ಹಂಚುವುದಕ್ಕೂ ಒಬ್ಬ ರೋಗಿಯ ಮನೆಯವರೊಂದಿಗೆ ಕೂತು ಮಾತಾಡುವುದಕ್ಕೂ ವ್ಯತ್ಯಾಸವಿದೆ, ಹಾಗಾಗಿ ಈ ಹೆಜ್ಜೆಯನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಬೀಗಕ್ಕಿಂತ ದೂರವನ್ನು ನಂಬಬೇಕು ಎಂಬುದು ನಾನು ಇದರಿಂದ ತೆಗೆದುಕೊಳ್ಳುವ ಪಾಠ. ನಮ್ಮ ಪ್ರಕರಣದಲ್ಲಿ ಉಳಿದ ಔಷಧಿಯನ್ನೆಲ್ಲ ಆತ ಮನೆಗೆ ಮರಳುವ ಮುನ್ನ ಹೆಂಡತಿಯ ಅಣ್ಣ ತಮ್ಮ ಊರಿಗೆ ಒಯ್ಯುವುದು. ಈ ಮಳೆಗಾಲ ಸಿಂಪಡಣೆಯನ್ನು ಗುತ್ತಿಗೆಗೆ ಕೊಡುವುದು. ಆ ದಿನ ಬೇಕಾದಷ್ಟನ್ನು ಅವರೇ ತಂದು, ಮಿಕ್ಕಿದ್ದನ್ನು ಅವರೇ ಒಯ್ಯುವುದು ಎಂದು ತೀರ್ಮಾನವಾಯಿತು. ಇದನ್ನು ರೋಗಿಯ ಬೆನ್ನ ಹಿಂದೆ ಮಾಡಬಾರದು. ‘ಆ ಹೊತ್ತು ದಾಟುವ ತನಕ ಅದು ಕೈಗೆ ಸಿಗದಿರುವುದು ನಿಮಗೇ ಸಹಾಯ’ ಎಂದು ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ವಿಷ ಸೇವಿಸಿದವರ ಮನೆಯಲ್ಲಿ ಬೇರೆ ಸಾಧನಗಳನ್ನು ಕೇಳುವುದನ್ನು ವಿದ್ಯಾರ್ಥಿಗಳು ಮರೆಯುತ್ತಾರೆ. ಮಲೆನಾಡಿನ ಕೆಲವು ಮನೆಗಳಲ್ಲಿ ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿ ಇರುತ್ತದೆ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿ ಇಡುವ ರೂಢಿ ಮನೆಯವರಿಗೆ ಗೊತ್ತಿರುವುದರಿಂದ, ಕೆಲವು ತಿಂಗಳು ಮನೆಯಿಂದ ಆಚೆ ಇಡುವ ಮಾತು ಅವರಿಗೆ ವಿಚಿತ್ರವೆನ್ನಿಸುವುದಿಲ್ಲ. ನಾವು ಬರೆದುಕೊಡುವ ಮಾತ್ರೆಗಳನ್ನೂ ಮರೆಯಬಾರದು. ಒಂದು ತಿಂಗಳಿನದನ್ನು ಒಟ್ಟಿಗೆ ಕೊಡುವ ಬದಲು ವಾರಕ್ಕೆ ಸಾಕಾಗುವಷ್ಟು ಕೊಟ್ಟು, ಹೆಂಡತಿಯ ಕೈಗೆ ಒಪ್ಪಿಸುವುದು ಒಳ್ಳೆಯದು.

ಪೊಲೀಸರ ಭಯ

ಮನೆಯವರು ‘ಗೊತ್ತಾಗದೆ ಕುಡಿದುಬಿಟ್ಟರು’ ಎಂದು ಹೇಳುವುದುಂಟು. ಆಸ್ಪತ್ರೆ ಇದನ್ನು ಮೆಡಿಕೊ ಲೀಗಲ್ ಪ್ರಕರಣವೆಂದು ಪೊಲೀಸರಿಗೆ ತಿಳಿಸುತ್ತದೆ, ಮೊಕದ್ದಮೆಯಾಗುತ್ತದೆ ಎಂಬ ಭಯ ಅದರ ಹಿಂದಿದೆ. ಸುಳ್ಳಿನ ಮೇಲೆ ಕಟ್ಟಿದ ಯೋಜನೆ ನಿಲ್ಲುವುದಿಲ್ಲ, ಆದ್ದರಿಂದ ಕಾನೂನನ್ನು ಎರಡು ಮಾತಿನಲ್ಲಿ ತಿಳಿಸಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ. ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸಾರ್ವಜನಿಕ ಸೇವಕರನ್ನು ಅವರ ಕರ್ತವ್ಯ ಮಾಡದಂತೆ ತಡೆಯಲು ಅಥವಾ ಮಾಡುವಂತೆ ಒತ್ತಾಯಿಸಲು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ ಅದರ 226ನೇ ಸೆಕ್ಷನ್ ಅನ್ವಯಿಸುತ್ತದೆ. ಸಾಲದ ಸಂಕಟದಲ್ಲಿ ಮನೆಯಲ್ಲಿ ನಡೆದದ್ದಕ್ಕೆ ಅದು ಸಂಬಂಧಿಸಿದ್ದಲ್ಲ.

ಯೋಜನೆ ಸಾಕಾಗದ ಕಡೆ

ಈ ಹಾಳೆ ಎಲ್ಲರಿಗೂ ಒಗ್ಗುವುದಿಲ್ಲ. ಸಾಯು ಎಂದು ಧ್ವನಿಗಳು ಆಜ್ಞೆ ಮಾಡುತ್ತಿರುವವರು, ಕುಟುಂಬಕ್ಕೆ ತನ್ನಿಂದ ಶಾಪ ತಗುಲಿದೆ ಎಂದು ದೃಢವಾಗಿ ನಂಬಿರುವ ತೀವ್ರ ಖಿನ್ನತೆಯವರು, ಇನ್ನೂ ಅಮಲಿನಲ್ಲಿರುವವರು, ಕೂರಲಾಗದಷ್ಟು ತಳಮಳದಲ್ಲಿರುವವರಿಗೆ ಮೊದಲು ವಾರ್ಡಿನ ನಿಗಾ ಮತ್ತು ಚಿಕಿತ್ಸೆ ಬೇಕು. ಕುಳಿತು ಯೋಚಿಸಿ ಉತ್ತರಿಸುವ ಶಕ್ತಿ ಮರಳಿದ ಮೇಲೆ ಯೋಜನೆ. ಪೆನ್ನು ಯಾರ ಕೈಯಲ್ಲಿದೆ ಎಂಬುದೂ ಒಂದು ಗುರುತು: ಎಲ್ಲ ಉತ್ತರಗಳನ್ನೂ ಮನೆಯವರೇ ಹೇಳುತ್ತಿದ್ದರೆ, ರೋಗಿ ಎಲ್ಲಕ್ಕೂ ತಲೆಯಾಡಿಸುತ್ತಿದ್ದರೆ, ಬಿಡುಗಡೆಯ ದಿನಾಂಕವನ್ನು ಮತ್ತೆ ಯೋಚಿಸಬೇಕು.

ಬಿಡುಗಡೆಯ ನಂತರದ ಕರೆ

ಮೇಲೆ ಹೇಳಿದ 2017ರ ವಿಶ್ಲೇಷಣೆಯಲ್ಲಿ ಬಿಡುಗಡೆಯಾದ ಮೊದಲ ಮೂರು ತಿಂಗಳ ಸಾವಿನ ಪ್ರಮಾಣ ಒಟ್ಟಾರೆ ಪ್ರಮಾಣದ ಎರಡು ಪಟ್ಟಿಗಿಂತ ಹೆಚ್ಚಿತ್ತು. ಹಾಗಾಗಿ ಯೋಜನೆ ಮಡಿಸಿ ಜೇಬಿಗಿಟ್ಟು ಕಳುಹಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ 1,640 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುರಕ್ಷತಾ ಯೋಜನೆಯ ಜೊತೆಗೆ ಫೋನ್ ಕರೆಗಳೂ ಸಿಕ್ಕವರಲ್ಲಿ ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ನಡವಳಿಕೆ ಸುಮಾರು 3 ಶೇಕಡ ಜನರಲ್ಲಿ ಕಂಡಿತು. ಮಾಮೂಲಿ ಆರೈಕೆ ಸಿಕ್ಕವರಲ್ಲಿ 5 ಶೇಕಡಕ್ಕೂ ಹೆಚ್ಚು. ಅದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ, ಹಾಗಾಗಿ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿದಂತೆ ಐದು ಊರುಗಳಲ್ಲಿ 1,867 ಜನರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ್ದು ಅಂಥ ಪ್ರಯೋಗ. ಒಂದು ಗಂಟೆಯ ಮಾತುಕತೆ ಮತ್ತು ಹದಿನೆಂಟು ತಿಂಗಳಲ್ಲಿ ಒಂಬತ್ತು ಬಾರಿ ವಿಚಾರಿಸಿಕೊಂಡದ್ದು, ಇಷ್ಟೇ ಅಲ್ಲಿ ಕೊಟ್ಟದ್ದು. ಆ ಗುಂಪಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಇಬ್ಬರು, ಮಾಮೂಲಿ ಆರೈಕೆಯ ಗುಂಪಿನಲ್ಲಿ ಹದಿನೆಂಟು ಮಂದಿ.

ಬಿಡುಗಡೆಯಾದ ಮೂರು ದಿನದೊಳಗೆ ಮೊದಲ ಕರೆ ಹೋಗಬೇಕು. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂಬಲ್ಲಿಗೆ ಅದು ಮುಗಿಯಬಾರದು. ರಾತ್ರಿ ಎಚ್ಚರವಾಯಿತೇ, ಆ ಮಾತು ತಲೆಗೆ ಬಂತೇ, ಹಾಳೆ ತೆಗೆದು ನೋಡಿದಿರಾ, ಯಾವ ಹೆಜ್ಜೆ ಕೆಲಸ ಮಾಡಿತು, ಯಾವುದು ಮಾಡಲಿಲ್ಲ, ಔಷಧಿ ಈಗ ಎಲ್ಲಿದೆ ಎಂದು ಕೇಳಬೇಕು. ಕೆಲಸ ಮಾಡದ ಹೆಜ್ಜೆಯನ್ನು ಫೋನಿನಲ್ಲೇ ಬದಲಿಸಿ, ರೋಗಿಯ ಬಳಿಯದು, ಕಡತದಲ್ಲಿರುವುದು ಎರಡೂ ಪ್ರತಿಗಳಲ್ಲಿ ತಿದ್ದಬೇಕು. ಶಿವಮೊಗ್ಗಕ್ಕೆ ಬಂದುಹೋಗಲು ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು ಆಗುವವರಿಗೆ, ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ವಿಚಾರಿಸಿ ಅಲ್ಲಿಗೇ ಮುಂದಿನ ಭೇಟಿ ಬರೆಯಬಹುದು.

ಕರೆ ಹೋಗದಿದ್ದರೆ ಏನು ಎಂಬುದನ್ನೂ ಮೊದಲೇ ಬರೆದಿಡಬೇಕು, ಏಕೆಂದರೆ ಈ ಭಾಗದಲ್ಲಿ ಬಹಳ ಸಲ ಹೋಗುವುದಿಲ್ಲ. ನಮ್ಮ ಬೆಳೆಗಾರನ ಬಿಡುಗಡೆ ಪತ್ರದ ಕೊನೆಯಲ್ಲಿ ಇರಬೇಕಾದದ್ದು ಇಷ್ಟು: ಮೂರನೆಯ ದಿನ ಬೆಳಿಗ್ಗೆ ಕರೆ ಮಾಡುವ ಹೌಸ್ ಸರ್ಜನ್‌ನ ಹೆಸರು, ಸಿಗದಿದ್ದರೆ ಅದೇ ದಿನ ಸಂಜೆಯೊಳಗೆ ಹೆಂಡತಿಯ ಅಣ್ಣನಿಗೆ, ಆಮೇಲೆ ಆಚೆ ಮನೆಯವರಿಗೆ, ಇಬ್ಬರೂ ಸಿಗದಿದ್ದರೆ ಮರುದಿನ ಆ ಊರಿನ ಆಶಾ ಕಾರ್ಯಕರ್ತೆಗೆ, ಮತ್ತು ಆ ಹೌಸ್ ಸರ್ಜನ್‌ಗೆ ವಾರ್ಡು ಬದಲಾಗಿದ್ದರೆ ಈ ಕೆಲಸವನ್ನು ವಹಿಸಿಕೊಳ್ಳುವವರ ಹೆಸರು.